ಕೆಲಸ ಹಿಗ್ಗಿತು, ಹೇಳಿದ ಸಂಬಳ ಹಾಗೇ ಇರಬೇಕೆ?

ಕೆಲಸ ಹುಡುಕುವವರಿಗೆ ಈ ಪ್ರಶ್ನೆ ಬರುವುದು ತೀರಾ ಬೇಗ. ಕಂಪನಿಯ ಎಚ್‌ಆರ್ ಅಥವಾ ಕನ್ಸಲ್ಟೆನ್ಸಿಯವರು ಮೊದಲ ಸಲ ಫೋನ್ ಮಾಡಿ ಐದು ನಿಮಿಷವೂ ಆಗಿರುವುದಿಲ್ಲ, ಮೂರು ಪ್ರಶ್ನೆಗಳು ಒಟ್ಟಿಗೆ ಬರುತ್ತವೆ: ಈಗಿನ ಸಿಟಿಸಿ ಎಷ್ಟು, ಎಕ್ಸ್‌ಪೆಕ್ಟೇಶನ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ? ಆ ಹೊತ್ತಿಗೆ ಅಭ್ಯರ್ಥಿಯ ಕೈಯಲ್ಲಿರುವುದು ಹತ್ತು ಸಾಲಿನ ಒಂದು ಜಾಬ್ ಡಿಸ್ಕ್ರಿಪ್ಷನ್, ಆಫೀಸಿನ ಭಾಷೆಯಲ್ಲಿ ಜೆಡಿ. ಅದನ್ನು ನಂಬಿ ಒಂದು ಅಂಕಿ ಹೇಳುತ್ತಾರೆ. ಅತ್ತ ಕಡೆಯವರು ಅದನ್ನು ತಮ್ಮ ಎಕ್ಸೆಲ್ ಹಾಳೆಯಲ್ಲಿ ‘ಎಕ್ಸ್‌ಪೆಕ್ಟೆಡ್’ ಎಂಬ ಕಾಲಂಗೆ ತುಂಬಿಕೊಳ್ಳುತ್ತಾರೆ. ಎರಡು ವಾರ ಕಳೆದು ಮ್ಯಾನೇಜರ್ ಎದುರು ಕೂತಾಗ ಕೆಲಸದ ನಿಜವಾದ ಅಳತೆ ಗೊತ್ತಾಗುತ್ತದೆ. ಕಾಲಂನಲ್ಲಿರುವ ಅಂಕಿ ಮಾತ್ರ ಹಳೆಯದೇ.

ಇಲ್ಲಿ ಬಹಳ ಮಂದಿ ಸುಮ್ಮನಾಗುತ್ತಾರೆ. ಒಮ್ಮೆ ಹೇಳಿಯಾಗಿದೆ, ಈಗ ಬದಲಿಸಿದರೆ ಮಾತಿಗೆ ನಿಲ್ಲದವರು ಅಂದುಕೊಳ್ಳುತ್ತಾರೆ ಎಂಬ ಅಳುಕು. ಸೇರಿಕೊಂಡು ಆರು ತಿಂಗಳು ಒಳಗೊಳಗೇ ಕುದಿಯುತ್ತಾರೆ, ವರ್ಷದೊಳಗೆ ಬಿಟ್ಟು ಹೋಗುತ್ತಾರೆ. ಇನ್ನು ಕೆಲವರು ಆಫರ್ ಲೆಟರ್ ಬರುವವರೆಗೂ ತಡೆದುಕೊಂಡು, ಬಂದ ದಿನವೇ ಎರಡು ಲಕ್ಷ ಜಾಸ್ತಿ ಕೇಳುತ್ತಾರೆ. ಎರಡರಲ್ಲೂ ನಷ್ಟವಿದೆ. ಅಂಕಿ ಬದಲಿಸುವುದಕ್ಕೆ ಒಂದು ಸಮಯವಿದೆ, ಒಂದು ಕ್ರಮವಿದೆ. ಅದು ಗೊತ್ತಿದ್ದರೆ ಇದೇನೂ ಮುಜುಗರದ ವಿಷಯವಲ್ಲ.

ಒಂದು ಪ್ರಸಂಗ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ. ಅಲ್ಲಿಗೆ ಒಬ್ಬ ಹಿರಿಯ ಅಕೌಂಟೆಂಟ್ ಬೇಕಾಗಿದ್ದಾರೆ. ಅರ್ಜಿ ಹಾಕಿದಾಕೆಗೆ ಎಂಟು ವರ್ಷದ ಅನುಭವ, ಈಗಿನ ಸಿಟಿಸಿ 7.2 ಲಕ್ಷ. ಜೆಡಿಯಲ್ಲಿದ್ದದ್ದು ಇಷ್ಟು: ಕಾರ್ಖಾನೆಯ ಲೆಕ್ಕಪುಸ್ತಕ, ಬ್ಯಾಂಕ್ ತಾಳೆ, ಟಿಡಿಎಸ್, ಜಿಎಸ್‌ಟಿ ರಿಟರ್ನ್. ಆಕೆ ಒಂಬತ್ತು ಲಕ್ಷ ಎಂದರು. ಇಪ್ಪತ್ತೈದು ಶೇಕಡಾ ಹೈಕ್. ಆ ಜೆಡಿಗೆ ಅದು ನ್ಯಾಯವಾದ ಮಾತೇ ಆಗಿತ್ತು.

ಎರಡನೇ ಸುತ್ತಿನಲ್ಲಿ ಫೈನಾನ್ಸ್ ಹೆಡ್ ಜೊತೆ ಒಂದು ಗಂಟೆ ಮಾತಾಯಿತು. ಆಗ ಹೊರಬಿದ್ದ ಸಂಗತಿಗಳು ಬೇರೆ. ಕಂಪನಿಗೆ ಹೊಸೂರಿನಲ್ಲಿ ಇನ್ನೊಂದು ಘಟಕವಿದೆ, ಪುಣೆಯಲ್ಲಿ ಒಂದು ಡಿಪೋ ಇದೆ. ಮೂರು ರಾಜ್ಯ ಎಂದರೆ ಮೂರು ಜಿಎಸ್‌ಟಿ ನೋಂದಣಿ. ಒಂದೊಂದಕ್ಕೂ ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ. ತಿಂಗಳಿಗೆ ಎರಡು ರಿಟರ್ನ್ ಇದ್ದದ್ದು ಆರಾಯಿತು. ಅದಕ್ಕಿಂತ ತಲೆನೋವಿನ ಕೆಲಸ ಮತ್ತೊಂದಿದೆ. ಪೀಣ್ಯದಿಂದ ಹೊಸೂರಿಗೆ ಕಳಿಸುವ ಮಾಲು ಸ್ವಂತ ಕಂಪನಿಯದ್ದೇ ಆದರೂ ರಾಜ್ಯ ದಾಟುವುದರಿಂದ ಅದಕ್ಕೂ ತೆರಿಗೆ ಇನ್‌ವಾಯ್ಸ್ ಬೇಕು. ಎರಡೂ ಕಡೆಯ ಪುಸ್ತಕ ತಾಳೆಯಾಗಬೇಕು. ವಾರಕ್ಕೊಮ್ಮೆ ಹೊಸೂರಿಗೆ ಹೋಗಬೇಕು, ಹೋಗಿಬರಲು ನೂರು ಕಿಲೋಮೀಟರ್ ಆಸುಪಾಸು. ಮಾತಿನ ಕೊನೆಗೆ ಫೈನಾನ್ಸ್ ಹೆಡ್ ಇನ್ನೊಂದು ಹೇಳಿದರು: “ನಮ್ಮ ಅಕೌಂಟ್ಸ್ ಮ್ಯಾನೇಜರ್ ಮಾರ್ಚ್‌ನಲ್ಲಿ ಬಿಟ್ಟರು. ಆ ಪೋಸ್ಟ್ ಸದ್ಯಕ್ಕೆ ತುಂಬುತ್ತಿಲ್ಲ. ಇಬ್ಬರು ಜೂನಿಯರ್ಸ್ ನಿಮಗೇ ರಿಪೋರ್ಟ್ ಮಾಡ್ತಾರೆ.”

ಆ ಕೊನೆಯ ಮಾತು ಉಳಿದೆಲ್ಲಕ್ಕಿಂತ ತೂಕದ್ದು. ಹೆಸರಿಗೆ ಅಕೌಂಟೆಂಟ್, ಕೆಲಸ ಮ್ಯಾನೇಜರ್‌ದು.

ಇಂಥ ಹೊತ್ತಿನಲ್ಲಿ ಮೊದಲು ಹೇಳಿದ ಅಂಕಿ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ ಎಂಬುದಕ್ಕೆ ಮನಃಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪ್ರಯೋಗವಿದೆ. ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಜನರ ಎದುರು ಅಂಕಿಗಳಿರುವ ಒಂದು ಚಕ್ರವನ್ನು ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದರು. ಚಕ್ರ 10ರಲ್ಲಿ ನಿಂತದ್ದನ್ನು ನೋಡಿದವರ ಅಂದಾಜು 25ರ ಸುತ್ತ ಇತ್ತು, 65ರಲ್ಲಿ ನಿಂತದ್ದನ್ನು ನೋಡಿದವರದು 45ರ ಸುತ್ತ. ಸಂಬಂಧವೇ ಇಲ್ಲದ ಅಂಕಿಯೂ ಅಂದಾಜನ್ನು ತನ್ನತ್ತ ಎಳೆದುಕೊಂಡಿತು. ಹಾಗಿರುವಾಗ ಅಭ್ಯರ್ಥಿಯೇ ಬಾಯಿಬಿಟ್ಟು ಹೇಳಿದ ಒಂಬತ್ತು ಲಕ್ಷ ಎಚ್‌ಆರ್ ಮನಸ್ಸಿನಲ್ಲೂ, ಅಭ್ಯರ್ಥಿಯ ಮನಸ್ಸಿನಲ್ಲೂ ಬೇರೂರುವುದು ಸಹಜ. ಹನ್ನೊಂದು ಎಂದು ಕೇಳುವಾಗ ಆಕೆಗೇ ಅದು ದುರಾಸೆ ಅನ್ನಿಸಲು ಇದೂ ಒಂದು ಕಾರಣ.

ಹಾಗಾದರೆ ಹೇಳಿದ ಅಂಕಿಗೆ ಕಟ್ಟುಬಿದ್ದಂತೆಯೇ? ಕಾನೂನು ಹಾಗೆ ಹೇಳುವುದಿಲ್ಲ. ಇದಕ್ಕೆ ಹತ್ತಿರದ ಒಂದು ಮೊಕದ್ದಮೆ ಕೊಡಗಿನದೇ ಇದೆ. ಮಡಿಕೇರಿಯ ಒಂದು ಬಂಗಲೆಯ ಮಾರಾಟದ ಮಾತುಕತೆಯಲ್ಲಿ ಮಾಲೀಕರು ಹತ್ತು ಸಾವಿರ ರೂಪಾಯಿಗೆ ಕಡಿಮೆ ಒಪ್ಪುವುದಿಲ್ಲ ಎಂದು ತಿಳಿಸಿದ್ದರು. ಕೊಳ್ಳಲು ಬಂದವರು, ‘ಹತ್ತು ಸಾವಿರಕ್ಕೆ ನಾನು ಒಪ್ಪಿದೆ, ವ್ಯಾಪಾರ ಮುಗಿಯಿತು’ ಎಂದು ವಾದಿಸಿದರು. ಮ್ಯಾಕ್‌ಫರ್ಸನ್ ಮತ್ತು ಅಪ್ಪಣ್ಣ ನಡುವಿನ ಆ ಮೊಕದ್ದಮೆಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ತೀರ್ಮಾನಕ್ಕೆ ಬಂತು: ಎಷ್ಟಕ್ಕೆ ಕಡಿಮೆ ಕೊಡುವುದಿಲ್ಲ ಎಂದು ತಿಳಿಸಿದ ಮಾತ್ರಕ್ಕೆ ಅದು ಮಾರುವ ಪ್ರಸ್ತಾವವಾಗುವುದಿಲ್ಲ, ಪ್ರಸ್ತಾವ ತನ್ನಿ ಎಂಬ ಆಹ್ವಾನವಷ್ಟೆ. ಮನೆಯ ವ್ಯಾಪಾರಕ್ಕೆ ಹೇಳಿದ್ದು ಕೆಲಸದ ಮಾತುಕತೆಗೂ ದಾರಿ ತೋರಿಸುತ್ತದೆ. ‘ನನ್ನ ನಿರೀಕ್ಷೆ ಒಂಬತ್ತು ಲಕ್ಷ’ ಎಂಬುದು ಮಾತುಕತೆಯ ಆರಂಭ. ಒಪ್ಪಂದ ಆಗುವುದು ಕಂಪನಿ ಕೊಟ್ಟ ಆಫರ್ ಅನ್ನು ಷರತ್ತಿಲ್ಲದೆ ಒಪ್ಪಿಕೊಂಡಾಗ.

ಕಾನೂನು ಬಿಟ್ಟರೂ ಲೋಕಾರೂಢಿ ಇದನ್ನು ಬಲ್ಲದು. ಒಂದು ಅಂತಸ್ತಿನ ಮನೆಗೆ ಕೂಲಿ ಮಾತಾಡಿದ ಮೇಸ್ತ್ರಿಗೆ ಮೇಲೆ ಇನ್ನೊಂದು ಅಂತಸ್ತು ಕಟ್ಟು ಎಂದರೆ ಆತ ಹೊಸ ಕೂಲಿ ಹೇಳುತ್ತಾನೆ, ಅವನನ್ನು ಮಾತು ತಪ್ಪಿದವನೆಂದು ಯಾರೂ ಅನ್ನುವುದಿಲ್ಲ.

ಹೀಗಿದ್ದೂ ಎಚ್‌ಆರ್‌ನವರು ಅಂಕಿ ಬದಲಾದ ಕೂಡಲೇ ಹುಬ್ಬೇರಿಸುತ್ತಾರೆ. ಅದಕ್ಕೂ ಕಾರಣವಿದೆ, ಅದನ್ನು ತಿಳಿಯದೆ ಮಾತಿಗಿಳಿಯಬಾರದು. ನಮ್ಮಲ್ಲಿ ಅನೇಕ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 60 ಅಥವಾ 90 ದಿನ. ಒಂದು ಆಫರ್ ಒಪ್ಪಿಕೊಂಡವರು ಆ ಮೂರು ತಿಂಗಳಲ್ಲಿ ಅದೇ ಕಾಗದ ತೋರಿಸಿ ಇನ್ನೊಂದು ಕಡೆ ಹೆಚ್ಚಿಗೆ ಪಡೆಯುವುದು, ಸೇರುವ ದಿನ ಫೋನ್ ಎತ್ತದೇ ಇರುವುದು ಬೆಂಗಳೂರಿನ ಎಚ್‌ಆರ್‌ಗಳಿಗೆ ನಿತ್ಯದ ಅನುಭವ. ಹಾಗಾಗಿ ಅಂಕಿ ಏರಿದಾಗ ಅವರ ತಲೆಗೆ ಮೊದಲು ಬರುವ ಅನುಮಾನ, ‘ಇವರ ಕೈಯಲ್ಲಿ ಬೇರೆ ಆಫರ್ ಇದೆ’ ಎಂಬುದು. ಅಭ್ಯರ್ಥಿಯ ಮಾತು ಆ ಅನುಮಾನಕ್ಕೆ ಉತ್ತರ ಕೊಡಬೇಕು. ಅದಕ್ಕೆ ಬೇಕಾದ್ದು ಎರಡು: ಕಾರಣ ಕೆಲಸದೊಳಗಿನದ್ದಾಗಿರಬೇಕು, ಮತ್ತು ಕಾರಣ ಗೊತ್ತಾದ ಕೂಡಲೇ ಮಾತು ಹೊರಡಬೇಕು.

ಸಮಯದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹುಪಾಲು ಮಂದಿ ಎಡವುವುದು ಇಲ್ಲೇ. ಸಂದರ್ಶನದ ಸುತ್ತುಗಳು ಮುಗಿದ ಮೇಲೆ ಎಚ್‌ಆರ್ ಒಂದು ಸಂಬಳದ ಪ್ರಸ್ತಾವ ತಯಾರಿಸಿ ವಿಭಾಗದ ಮುಖ್ಯಸ್ಥರಿಗೂ ಫೈನಾನ್ಸ್‌ಗೂ ಅನುಮೋದನೆಗೆ ಕಳಿಸುತ್ತಾರೆ. ಆ ಪ್ರಸ್ತಾವಕ್ಕೆ ಆಧಾರ ಅದೇ ‘ಎಕ್ಸ್‌ಪೆಕ್ಟೆಡ್’ ಕಾಲಂ. ಅನುಮೋದನೆಗೆ ಹೋಗುವ ಮುಂಚೆ ಅಂಕಿ ಬದಲಾದರೆ ಎಚ್‌ಆರ್‌ಗೆ ಒಂದು ಕಾಲಂ ತಿದ್ದುವ ಕೆಲಸ. ಅನುಮೋದನೆ ಆದಮೇಲೆ ಬದಲಾದರೆ ಅವರು ಮತ್ತೆ ಮೇಲಿನವರ ಬಳಿ ಹೋಗಿ, ಯಾಕೆ ಮೊದಲೇ ಹೇಳಲಿಲ್ಲ ಎಂಬ ಪ್ರಶ್ನೆ ಎದುರಿಸಬೇಕು. ಒಂದೇ ಕೋರಿಕೆ, ಒಂದೇ ಕಾರಣ. ಆದರೆ ಮೊದಲಿನದು ಮಾಹಿತಿಯಂತೆ ಕೇಳುತ್ತದೆ, ಎರಡನೆಯದು ಪಟ್ಟಿನಂತೆ. ಆದ್ದರಿಂದ ಕೆಲಸದ ನಿಜವಾದ ಅಳತೆ ಗೊತ್ತಾದ ಸುತ್ತಿನ ಮಾರನೆಯ ದಿನವೇ ಹೇಳುವುದು ಒಳ್ಳೆಯದು. ಸಂದರ್ಶನದ ನಡುವೆಯೇ ಮ್ಯಾನೇಜರ್ ಎದುರು ಸಂಬಳ ಎತ್ತಬೇಕಿಲ್ಲ. ಅಲ್ಲಿ ಮಾಡಬೇಕಾದ್ದು ಪ್ರಶ್ನೆ ಕೇಳಿ ವಿವರ ಪಡೆಯುವುದು: ಎಷ್ಟು ನೋಂದಣಿ, ಎಷ್ಟು ಜನ, ವಾರಕ್ಕೆ ಎಷ್ಟು ದಿನ ಹೊರಗೆ, ಹಿಂದೆ ಇದನ್ನು ಯಾರು ಮಾಡುತ್ತಿದ್ದರು. ಈ ಕೊನೆಯ ಪ್ರಶ್ನೆ ತಪ್ಪದೇ ಕೇಳಬೇಕು. ಎರಡು ಹುದ್ದೆ ಸೇರಿ ಒಂದಾಗಿರುವುದು ಹೊರಬೀಳುವುದು ಹೆಚ್ಚಾಗಿ ಅಲ್ಲೇ.

ಆಮೇಲೆ ಹೊಸ ಅಂಕಿ ಎಲ್ಲಿಂದ ತರಬೇಕು? ‘ಕೆಲಸ ಜಾಸ್ತಿ, ಅದಕ್ಕೆ ಎರಡು ಲಕ್ಷ ಜಾಸ್ತಿ’ ಎಂದರೆ ಅದು ಗಾಳಿಯಲ್ಲಿ ತೆಗೆದ ಲೆಕ್ಕ. ನಮ್ಮ ಅಕೌಂಟೆಂಟ್ ಹೆಚ್ಚುವರಿ ಕೆಲಸವನ್ನು ಮೂರು ಪಾಲು ಮಾಡಿದರು. ಎರಡು ಹೆಚ್ಚಿನ ಜಿಎಸ್‌ಟಿ ನೋಂದಣಿ ಎಂದರೆ ಅದೇ ಮಟ್ಟದ ಕೆಲಸ, ಪ್ರಮಾಣ ಮಾತ್ರ ಹೆಚ್ಚು. ಇಬ್ಬರು ಜೂನಿಯರ್‌ಗಳ ಹೊಣೆ ಮತ್ತು ಮ್ಯಾನೇಜರ್ ಮಾಡುತ್ತಿದ್ದ ತಿಂಗಳ ಕೊನೆಯ ಲೆಕ್ಕ ಮುಗಿಸುವ ಜವಾಬ್ದಾರಿಯಿಂದ ಕೆಲಸದ ಮಟ್ಟವೇ ಬದಲಾಗುತ್ತದೆ. ಹೊಸೂರಿನ ಓಡಾಟ ಖರ್ಚಿನ ಬಾಬತ್ತು, ಅದು ಸಂಬಳಕ್ಕೆ ಸೇರುವುದಿಲ್ಲ. ಈ ಮೂರನ್ನೂ ಒಂದೇ ಅಂಕಿಗೆ ತುರುಕಿದರೆ ಕೋರಿಕೆ ಅನಗತ್ಯವಾಗಿ ದೊಡ್ಡದಾಗಿ ಕಾಣುತ್ತದೆ. ಓಡಾಟಕ್ಕೆ ಕಂಪನಿಯ ವಾಹನ ಅಥವಾ ಭತ್ಯೆ ಕೇಳಿದರೆ ಸಾಕು, ಅದು ಸಂಬಳದ ಬಜೆಟ್‌ಗೆ ಕೈಹಾಕುವುದೇ ಇಲ್ಲ. ಮಟ್ಟ ಬದಲಾದದ್ದಕ್ಕೆ ಆಕೆ ನೋಡಿದ್ದು ‘ಅಸಿಸ್ಟೆಂಟ್ ಮ್ಯಾನೇಜರ್ – ಅಕೌಂಟ್ಸ್’ ಹುದ್ದೆಗೆ ಪೀಣ್ಯ, ಬೊಮ್ಮಸಂದ್ರದ ಇದೇ ಗಾತ್ರದ ಕಾರ್ಖಾನೆಗಳು ಎಷ್ಟು ಕೊಡುತ್ತಿವೆ ಎಂಬುದನ್ನು. ಜಾಹೀರಾತು ನೋಡಿ, ಅದೇ ಕ್ಷೇತ್ರದ ಇಬ್ಬರು ಪರಿಚಿತರನ್ನು ಕೇಳಿ, ಹತ್ತರಿಂದ ಹನ್ನೊಂದೂವರೆ ಲಕ್ಷ ಎಂಬ ಅಂದಾಜು ಸಿಕ್ಕಿತು. ಆಕೆ ನಿಂತದ್ದು ಹನ್ನೊಂದಕ್ಕೆ.

ಮಾತು ಹೇಗೆ ಹೋಯಿತು ಎಂಬುದನ್ನೂ ನೋಡೋಣ.

“ಮೇಡಂ, ನಿನ್ನೆ ಫೈನಾನ್ಸ್ ಹೆಡ್ ಜೊತೆ ಒಳ್ಳೆ ಮಾತುಕತೆ ಆಯ್ತು. ಕೆಲಸ ನನಗೆ ಇಷ್ಟ ಆಗಿದೆ. ಒಂದು ವಿಷಯ ಮಾತ್ರ ಈಗಲೇ ನಿಮ್ಮ ಗಮನಕ್ಕೆ ತರಬೇಕು ಅನ್ನಿಸ್ತು. ನಾನು ಒಂಬತ್ತು ಲಕ್ಷ ಹೇಳಿದ್ದು ಜೆಡಿಯಲ್ಲಿದ್ದ ಒಂದು ಘಟಕದ ಕೆಲಸಕ್ಕೆ. ಈಗ ಗೊತ್ತಾಗಿರೋದು ಮೂರು ಜಿಎಸ್‌ಟಿ ನೋಂದಣಿ, ಇಬ್ಬರು ರಿಪೋರ್ಟಿಂಗ್, ಮಂತ್ ಎಂಡ್ ಕ್ಲೋಸಿಂಗ್ ಪೂರ್ತಿ ನನ್ನ ಮೇಲೆ. ಈ ಕೆಲಸಕ್ಕೆ ನನ್ನ ನಿರೀಕ್ಷೆ ಹನ್ನೊಂದು.”

“ನೀವು ಮೊದಲು ಒಂಬತ್ತು ಅಂದಿದ್ರಲ್ಲ? ನಾನು ಹಾಗೇ ಬರ್ಕೊಂಡಿದೀನಿ.”

“ಹೌದು ಮೇಡಂ, ಅಂದಿದ್ದೆ. ಜೆಡಿ ಹಾಗೇ ಇದ್ದಿದ್ರೆ ಈಗಲೂ ಒಂಬತ್ತಕ್ಕೇ ಬರ್ತಿದ್ದೆ.”

ಈ ಕೊನೆಯ ವಾಕ್ಯ ಗಮನಿಸಬೇಕು. ಮೊದಲ ಅಂಕಿಯನ್ನು ಆಕೆ ಅಲ್ಲಗಳೆಯಲಿಲ್ಲ, ‘ಆಗ ಸರಿಯಾಗಿ ಯೋಚಿಸಿರಲಿಲ್ಲ’ ಎಂದೂ ಅನ್ನಲಿಲ್ಲ. ಹಾಗೆ ಅಂದಿದ್ದರೆ ಎರಡನೆಯ ಅಂಕಿಯೂ ನಾಳೆ ಬದಲಾಗಬಹುದು ಎಂಬ ಅನುಮಾನ ಹುಟ್ಟುತ್ತಿತ್ತು. ಒಂಬತ್ತು ಆ ಕೆಲಸಕ್ಕೆ, ಹನ್ನೊಂದು ಈ ಕೆಲಸಕ್ಕೆ ಎಂದು ಎರಡನ್ನೂ ನಿಲ್ಲಿಸಿದರು. ಫೋನ್ ಇಟ್ಟ ಮೇಲೆ ಅದೇ ದಿನ ಆರು ಸಾಲಿನ ಇಮೇಲ್ ಹೋಯಿತು: ಜೆಡಿಯಲ್ಲಿ ಇದ್ದದ್ದು, ಸಂದರ್ಶನದಲ್ಲಿ ಸೇರಿದ್ದು, ಹೊಸ ಅಂಕಿ, ಓಡಾಟದ ಖರ್ಚಿನ ಪ್ರತ್ಯೇಕ ಮಾತು. ಇಮೇಲ್ ಯಾಕೆ ಮುಖ್ಯ ಎಂದರೆ, ಎಚ್‌ಆರ್‌ನವರು ಅನುಮೋದನೆಗೆ ಬರೆಯುವಾಗ ಅದನ್ನೇ ಮುಂದಕ್ಕೆ ಕಳಿಸಬಹುದು. ಫೋನಿನ ಮಾತು ಮೇಲಿನವರನ್ನು ಮುಟ್ಟುವ ಹೊತ್ತಿಗೆ ‘ಕ್ಯಾಂಡಿಡೇಟ್ ಜಾಸ್ತಿ ಕೇಳ್ತಿದ್ದಾರೆ’ ಎಂಬ ಒಂದು ಸಾಲಿಗೆ ಕುಗ್ಗಿರುತ್ತದೆ.

ನಡುವೆ ಕನ್ಸಲ್ಟೆನ್ಸಿ ಇದ್ದರೆ ಈ ಅಪಾಯ ಇನ್ನೂ ಹೆಚ್ಚು. ಅವರಿಗೆ ಕಂಪನಿಯಿಂದ ಸಿಗುವ ಶುಲ್ಕ ಸಾಮಾನ್ಯವಾಗಿ ಅಭ್ಯರ್ಥಿಯ ವಾರ್ಷಿಕ ಸಿಟಿಸಿಯ ಒಂದು ಪಾಲು. ಒಂದು ತಿಂಗಳ ಸಂಬಳಕ್ಕೆ ಸಮನಾದ 8.33 ಶೇಕಡಾ ಎಂಬುದು ಬಹಳ ಕಾಲದ ರೂಢಿ. ಅಂಕಿ ಏರಿದರೆ ಅವರಿಗೂ ಸ್ವಲ್ಪ ಲಾಭವೇ. ಆದರೆ ಎರಡು ಲಕ್ಷ ಏರಿದರೆ ಅವರಿಗೆ ದಕ್ಕುವುದು ಹದಿನಾರು ಸಾವಿರದ ಸುತ್ತ, ವ್ಯವಹಾರ ಮುರಿದರೆ ಕಳೆದುಕೊಳ್ಳುವುದು ಪೂರ್ತಿ ಶುಲ್ಕ. ಹಾಗಾಗಿ ‘ಈಗ ಸುಮ್ಮನಿರಿ, ಸೇರಿದ ಮೇಲೆ ಮಾತಾಡಿ’ ಎಂಬ ಸಲಹೆ ಅವರಿಂದ ಬರುವುದುಂಟು. ಆ ಸಲಹೆ ಅವರ ಅನುಕೂಲಕ್ಕೆ ಬಂದದ್ದು. ಕನ್ಸಲ್ಟೆಂಟ್‌ಗೆ ತಿಳಿಸಿ, ಇಮೇಲ್ ಅನ್ನು ಕಂಪನಿಯ ಎಚ್‌ಆರ್‌ಗೂ ಹೋಗುವಂತೆ ಕೇಳಿಕೊಳ್ಳುವುದು ಕ್ಷೇಮ.

ಎಲ್ಲ ಕಾರಣವೂ ಕೆಲಸದ ಅಳತೆಯ ಕಾರಣವಾಗುವುದಿಲ್ಲ ಎಂಬುದನ್ನೂ ಖಂಡಿತವಾಗಿ ಹೇಳಬೇಕು. ಗೆಳೆಯನಿಗೆ ಹೆಚ್ಚು ಸಿಕ್ಕಿತು, ಬಾಡಿಗೆ ಏರಿತು, ಬೇರೆ ಕಂಪನಿಯಿಂದ ದೊಡ್ಡ ಆಫರ್ ಬಂತು – ಇವುಗಳಿಗಾಗಿ ಅಂಕಿ ಬದಲಿಸುವುದು ತಪ್ಪಲ್ಲ, ಆದರೆ ಅದನ್ನು ‘ಕೆಲಸ ದೊಡ್ಡದಿದೆ’ ಎಂಬ ಹೆಸರಲ್ಲಿ ಕೇಳುವುದು ತಪ್ಪು. ಎಚ್‌ಆರ್‌ನವರು ಜೆಡಿಯನ್ನು ತೆರೆದು, ಏನು ಹೆಚ್ಚಾಗಿದೆ ತೋರಿಸಿ ಎಂದರೆ ತೋರಿಸಲು ಏನೂ ಇರುವುದಿಲ್ಲ. ಬೇರೆ ಆಫರ್ ಇದ್ದರೆ ಇದೆ ಎಂದೇ ಹೇಳಿದರೆ ಗೌರವ ಉಳಿಯುತ್ತದೆ.

ಇನ್ನೊಂದು ಬಗೆಯ ಅಚ್ಚರಿ ಅಂಕಿಯ ಒಳಗೇ ಅಡಗಿರುತ್ತದೆ. ಒಂಬತ್ತು ಲಕ್ಷ ಎಂದಾಗ ಮನಸ್ಸಿನಲ್ಲಿ ತಿಂಗಳಿಗೆ 75,000 ರೂಪಾಯಿಯ ಚಿತ್ರ ಇರುತ್ತದೆ. ಅದರಲ್ಲಿ ಹತ್ತು ಶೇಕಡಾ, ಎಂದರೆ 90,000, ವರ್ಷದ ಕೊನೆಯ ವೇರಿಯಬಲ್ ಎನ್ನೋಣ. ಬೇಸಿಕ್ ನಾಲ್ಕೂವರೆ ಲಕ್ಷ ಇದ್ದರೆ, ಕಂಪನಿ ಕಟ್ಟುವ ಪಿಎಫ್ 12 ಶೇಕಡಾ, ಅಂದರೆ 54,000; ಗ್ರಾಚ್ಯುಟಿಗೆಂದು ತೋರಿಸುವ 4.81 ಶೇಕಡಾ ಸುಮಾರು 21,600. ಇವೆರಡೂ ಸಿಟಿಸಿಯೊಳಗೇ ಇರುತ್ತವೆ. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ನೌಕರನ ಪಾಲಿನ ಪಿಎಫ್ 4,500 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 56,500ರ ಆಸುಪಾಸು. ಹೊಸ ಪದ್ಧತಿಯಲ್ಲಿ ಈ ಮಟ್ಟಕ್ಕೆ ಆದಾಯ ತೆರಿಗೆ ಬೀಳದಿದ್ದರೂ ಇಷ್ಟೇ. ವೇರಿಯಬಲ್ ಇದೆ ಎಂಬುದು ಕೊನೆಯಲ್ಲಿ ತಿಳಿದರೆ ಅದೂ ಅಂಕಿಯನ್ನು ಮತ್ತೆ ಮಾತಾಡಲು ಒಪ್ಪತಕ್ಕ ಕಾರಣ. ಪಿಎಫ್ ಮತ್ತು ಗ್ರಾಚ್ಯುಟಿಯ ಲೆಕ್ಕ ಮಾತ್ರ ಹಾಗಲ್ಲ. ಎಂಟು ವರ್ಷ ದುಡಿದವರಿಗೆ ಅದು ಗೊತ್ತಿರಬೇಕೆಂದು ಎಚ್‌ಆರ್ ನಿರೀಕ್ಷಿಸುತ್ತಾರೆ, ಅದು ನ್ಯಾಯವೇ.

ನಮ್ಮ ಅಕೌಂಟೆಂಟ್‌ಗೆ ನಾಲ್ಕು ದಿನಗಳ ಬಳಿಕ ಉತ್ತರ ಬಂತು. ಹುದ್ದೆಯ ಬಜೆಟ್ 9.75ರವರೆಗೆ, ತುಂಬಾ ಎಳೆದರೆ 10.25. ಹನ್ನೊಂದು ಆಗುವುದಿಲ್ಲ. ಇಲ್ಲಿ ಕೆಲವರು ಮೂರನೆಯ ಅಂಕಿ ಹೇಳುತ್ತಾರೆ, ಹತ್ತೂಮುಕ್ಕಾಲು ಎಂದು. ಹಾಗೆ ಇಳಿಯುತ್ತಾ ಹೋದರೆ ಹನ್ನೊಂದಕ್ಕೆ ಆಧಾರವೇ ಇರಲಿಲ್ಲ ಎಂದು ತಾವಾಗಿ ಒಪ್ಪಿಕೊಂಡಂತೆ. ಆಕೆ ಬೇರೆ ದಾರಿ ಹಿಡಿದರು. ಅಂಕಿ ಕೆಲಸಕ್ಕೆ ಕಟ್ಟಿದ್ದಾದರೆ, ಅಂಕಿ ಏರದಿದ್ದಾಗ ಕೆಲಸ ಇಳಿಯಬಹುದು. ಪುಣೆಯ ನೋಂದಣಿಯನ್ನು ಈಗ ನೋಡಿಕೊಳ್ಳುತ್ತಿರುವ ಹೊರಗಿನ ಸಿಎ ಕಚೇರಿಯೇ ಮಾರ್ಚ್‌ವರೆಗೆ ಮುಂದುವರಿಸಲಿ, ಹುದ್ದೆಯ ಹೆಸರು ಅಸಿಸ್ಟೆಂಟ್ ಮ್ಯಾನೇಜರ್ ಎಂದಾಗಲಿ, ಹೊಸೂರಿಗೆ ಕಂಪನಿಯ ವಾಹನ ಇರಲಿ, ಪುಣೆಯ ಕೆಲಸ ಕೈಗೆ ಬರುವ ಏಪ್ರಿಲ್‌ನಲ್ಲಿ ಸಂಬಳ ಪರಿಶೀಲನೆ ಆಗಲಿ, ಹೀಗಾದರೆ 10.25, ಅದೂ ಪೂರ್ತಿ ಫಿಕ್ಸೆಡ್. ಕಂಪನಿ ಒಪ್ಪಿತು. ಈ ನಾಲ್ಕೂ ಆಫರ್ ಲೆಟರ್‌ನಲ್ಲಿ ಬರುವವರೆಗೆ ಆಕೆ ಸಹಿ ಹಾಕಲಿಲ್ಲ. ‘ಆರು ತಿಂಗಳು ಆದ ಮೇಲೆ ನೋಡೋಣ’ ಎಂದು ಬಾಯಲ್ಲಿ ಹೇಳಿದವರು ಆರು ತಿಂಗಳಲ್ಲಿ ತಾವೇ ಕಂಪನಿ ಬಿಟ್ಟಿರಬಹುದು.

ಸಹಿ ಆದ ಮೇಲೆ ನೆಲ ಬದಲಾಗುತ್ತದೆ. ಆಮೇಲೆ ನೆನಪಾದ ಕಾರಣಕ್ಕೆ ಹೆಚ್ಚು ಕೇಳಿದರೆ ಅದು ನಿಜಕ್ಕೂ ಮಾತು ಬದಲಿಸಿದಂತೆಯೇ. ಸೇರಿದ ಮೇಲೆ ಆಫರ್ ಲೆಟರ್‌ನಲ್ಲಿ ಇಲ್ಲದ ಕೆಲಸ ಹೆಗಲಿಗೆ ಬಿದ್ದರೆ ಮಾತ್ರ, ಆ ಕಾಗದವನ್ನೇ ಮುಂದಿಟ್ಟು ಕೇಳಬಹುದು. ಸಂದರ್ಶನದಲ್ಲಿ ತಿಳಿದ ವಿವರಗಳನ್ನು ಬರಹಕ್ಕೆ ತಂದದ್ದು ಆಗ ಉಪಯೋಗಕ್ಕೆ ಬರುತ್ತದೆ.

ಈ ಭಾರವನ್ನೆಲ್ಲ ಅಭ್ಯರ್ಥಿಯೇ ಹೊರಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಪ್ರಕಟಿಸುವುದು ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕ ಸಂಸ್ಥೆಗಳಿಗೆ ವಿನಾಯಿತಿ ಇದೆ. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನ, ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವುದನ್ನೇ ನಿಷೇಧಿಸುತ್ತದೆ. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟಳೆ ಇಲ್ಲ. ಇಲ್ಲದಿದ್ದರೂ ಪೀಣ್ಯದ ಒಂದು ಕಾರ್ಖಾನೆ ತನ್ನ ಜೆಡಿಯಲ್ಲಿ ಎಷ್ಟು ಘಟಕ, ಎಷ್ಟು ಜನ, ಎಷ್ಟು ಓಡಾಟ, ಬಜೆಟ್ ಎಷ್ಟು ಎಂಬ ನಾಲ್ಕು ಸಾಲು ಸೇರಿಸುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಎಚ್‌ಆರ್ ಮಿತ್ರರು ಆ ನಾಲ್ಕು ಸಾಲು ಬರೆಯಲಿ, ಎಕ್ಸ್‌ಪೆಕ್ಟೇಶನ್ ಎಷ್ಟು ಎಂಬ ಪ್ರಶ್ನೆಯನ್ನು ಆಮೇಲೆ ಕೇಳಲಿ.